ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಬೀದಿಯ ದೀಪಗಳು ಬೆಳಗಾದದ್ದೇ ತಿಳಿಯದೆ ಇನ್ನೂ ಉರಿಯುತ್ತಿದ್ದವು. ಬೇಕರಿಯವರು ಒಲೆಯ ಬಾಗಿಲು ತೆರೆದು ಮೊದಲ ಸಾಲಿನ ಬ್ರೆಡ್ಡು ಹೊರಗೆಳೆದರು. ಒಂದನ್ನು ಮಗುಚಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಟೊಳ್ಳಾದ ಸದ್ದು ಬಂತು. ಬೆಂದಿದೆ. ದೇವರು ಈ ಒಂದು ವಿಷಯದಲ್ಲಾದರೂ ಮನುಷ್ಯನಿಗೆ ತಟ್ಟಿ ತಿಳಿದುಕೊಳ್ಳುವ ಉಪಾಯ ಕೊಟ್ಟಿದ್ದಾನಲ್ಲ ಎಂದು ಅವರು ದಿನವೂ ಅಂದುಕೊಳ್ಳುತ್ತಿದ್ದರು. ಅಂದೂ ಅಂದುಕೊಂಡರು.

ಮಹಡಿಯ ಮೇಲೆ ಹೊಲಿಗೆ ಯಂತ್ರ ಓಡುತ್ತಿತ್ತು. ಅವರ ಹೆಂಡತಿ ಹಳೆ ಬಟ್ಟೆ ಸಣ್ಣ ಮಾಡುವುದು, ಉದ್ದ ಬಿಡುವುದು, ಜಿಪ್ಪು ಹಾಕುವುದು ಮಾಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಇಷ್ಟು ಬೇಗ ಯಂತ್ರ ಓಡುತ್ತಿದೆಯೆಂದರೆ ಅವಳು ನಿದ್ದೆ ಮಾಡಿಲ್ಲವೆಂದು ಅರ್ಥ. ಮೂರು ವಾರದಿಂದ ಹೆಚ್ಚುಕಡಿಮೆ ಹೀಗೇ.

ಮೂರು ವಾರದ ಹಿಂದೆ ಮಗಳು ಊಟದ ನಡುವೆ, ನೀರು ಬಗ್ಗಿಸಿಕೊಳ್ಳುತ್ತಾ, ತಾನೊಬ್ಬನನ್ನು ಇಷ್ಟಪಟ್ಟಿದ್ದೇನೆ ಎಂದಿದ್ದಳು. ಮನೆಯಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ಅದೇ ಕಟ್ಟಡದ ಲಿಫ್ಟು ನೋಡಿಕೊಳ್ಳಲು ತಿಂಗಳಿಗೊಮ್ಮೆ ಬರುತ್ತಿದ್ದ ಹುಡುಗ ಅವನು. ಸ್ವಭಾವ ಒಳ್ಳೆಯದು, ಸಂಪಾದನೆ ಪರವಾಗಿಲ್ಲ, ತಾಯಿತಂದೆ ಇಬ್ಬರೂ ಇಲ್ಲ. ಬೇಕರಿಯವರು ಹೂಂ ಎಂದು ತಲೆಯಾಡಿಸಿದ್ದರು. ಟೈಲರಮ್ಮ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟು ಒಂದೇ ಮಾತು ಕೇಳಿದ್ದಳು. ಅವನು ಹುಟ್ಟಿದ ಹೊತ್ತು ಎಷ್ಟು?

ಅವಳು ಹಾಗೆ ಕೇಳುವುದು ಮನೆಯಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಅವಳ ಅಕ್ಕ ಮದುವೆಯಾದ ಆರು ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಜಾತಕ ಕೇಳದೆ ಮಾಡಿದ ಮದುವೆ, ಅದಕ್ಕೇ ಹೀಗಾಯಿತು ಎಂದು ಅವರ ತಾಯಿ ಸಾಯುವತನಕ ಹೇಳುತ್ತಿದ್ದರು. ಆ ಮಾತು ಕೇಳಿ ಬೆಳೆದ ತಂಗಿ, ತನ್ನ ಮಗಳ ಜಾತಕವನ್ನು ಹುಟ್ಟಿದ ತಿಂಗಳಲ್ಲೇ ಬರೆಸಿದ್ದಳು. ಅದರಲ್ಲಿ ಕುಜ ಎಂಟನೇ ಮನೆಯಲ್ಲಿದ್ದ. ಕುಜ ಎಂದರೆ ಕೆಂಪು ಗ್ರಹ, ಗಾಯ, ಬೆಂಕಿ, ಆಯುಧಗಳಿಗೆ ಒಡೆಯ. ಹೆಣ್ಣಿನ ಜಾತಕದಲ್ಲಿ ಎಂಟನೇ ಮನೆ ಮಾಂಗಲ್ಯದ್ದು. ಅಲ್ಲಿ ಅವನು ಕೂತರೆ ಗಂಡನ ಆಯುಸ್ಸಿಗೆ ಆತಂಕ ಎಂದು ಅಂದಿನಿಂದ ಹೇಳುತ್ತಾ ಬಂದಿದ್ದರು. ಈಗ ಅಳಿಯನಾಗಿ ಬರಲಿರುವವನೋ, ದಿನ ಬೆಳಗಾದರೆ ಹತ್ತು ಹನ್ನೆರಡು ಅಂತಸ್ತಿನ ಲಿಫ್ಟಿನ ಕತ್ತಲ ಬಾವಿಗೆ ಹಗ್ಗ ಹಿಡಿದು ಇಳಿಯುವವನು.

ಹುಡುಗ ಮೊದಲ ಸಲ ಮನೆಗೆ ಬಂದಾಗ ಹುಟ್ಟಿದ ಹೊತ್ತು ತನಗೆ ಬಾಯಲ್ಲಿ ಗೊತ್ತಿಲ್ಲ ಎಂದ. ಅಂಗಿಯ ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು ಬಿಚ್ಚಿದ. ಒಳಗೆ ಬಟ್ಟೆಯ ಒಂದು ಸಣ್ಣ ಪಟ್ಟಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಕೈಗೆ ಕಟ್ಟುವಂಥದ್ದು. ದಿನ, ಹೊತ್ತು, ತೂಕ, ಗಂಡು ಎಂಬ ಮಾತು, ಎಲ್ಲ ಮಾಸಿದ ಶಾಯಿಯಲ್ಲಿದ್ದವು. ಅದರ ಸುತ್ತಳತೆ ಬೇಕರಿಯವರ ಹೆಬ್ಬೆರಳಿಗೂ ಸಾಲದು.

"ಅಮ್ಮ ಇಟ್ಟಿದ್ದು. ಅವಳದು ಅಂತ ನನ್ನ ಹತ್ರ ಇರೋದು ಇದೊಂದೇ," ಎಂದ ಹುಡುಗ. "ನೋಡ್ಕೊಂಡು ಕೊಡಿ, ಅಮ್ಮ."

ಟೈಲರಮ್ಮ ಅದನ್ನು ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಮೊದಲು ಹೋದದ್ದು ಜೋಯಿಸರ ಹತ್ತಿರ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲೆ ಅವರ ಕೋಣೆ. ಕಂಪ್ಯೂಟರಿತ್ತು, ಆದರೂ ಕೈಯಲ್ಲಿ ಒಮ್ಮೆ ಲೆಕ್ಕ ಹಾಕದೆ ಮಾತಾಡುವವರಲ್ಲ. ವರ್ಣದಿಂದ ಹಿಡಿದು ನಾಡಿಯತನಕ ಎಂಟು ಕೂಟ ನೋಡಿ, ಮೂವತ್ತಾರು ಗುಣಕ್ಕೆ ಇಪ್ಪತ್ತನಾಲ್ಕು ಬರುತ್ತದೆ, ಹದಿನೆಂಟಿದ್ದರೂ ಸಾಕಿತ್ತು, ಅದು ಚೆನ್ನಾಗಿದೆ ಎಂದರು. ಕುಜನ ಮಾತು ಮಾತ್ರ ಉಳಿಯುತ್ತದೆ. ಹುಡುಗನಿಗೂ ಅದೇ ದೋಷವಿದ್ದಿದ್ದರೆ ಒಂದಕ್ಕೊಂದು ತೂಗಿ ಹೋಗುತ್ತಿತ್ತು, ಅವನಿಗಿಲ್ಲ.

ಟೈಲರಮ್ಮ ಆ ದಿನ ಊಟ ಬಿಟ್ಟಳು. ಮರುದಿನ ಇನ್ನೊಬ್ಬರನ್ನು ಹುಡುಕಿಕೊಂಡು ಹೋದಳು. ಕುಜ ಇರುವುದು ಧನು ರಾಶಿಯಲ್ಲಿ, ಗುರುವಿನ ಮನೆಯಲ್ಲಿ, ಎಂಟನೆಯದಾದರೂ ಧನುವಿನಲ್ಲಿದ್ದರೆ ದೋಷ ಹೇಳಬಾರದು ಎಂದು ಆತ ಶ್ಲೋಕ ಸಮೇತ ಹೇಳಿದ. ಅವತ್ತು ಅವಳು ಎರಡು ಸಲ ಬಡಿಸಿಕೊಂಡಳು, ಗಂಡನ ಬೊಕ್ಕತಲೆಯನ್ನು ಹಾಸ್ಯ ಮಾಡಿದಳು, ಬೇಗ ಮಲಗಿ ಗೊರಕೆ ಹೊಡೆದಳು. ಬೇಕರಿಯವರು ಪಕ್ಕದಲ್ಲಿ ಮಲಗಿ, ಒಬ್ಬ ಅಪರಿಚಿತನ ನಾಲ್ಕು ಮಾತಿಗೆ ಇಷ್ಟು ಶಕ್ತಿ ಇದೆಯೇ ಎಂದು ಬೆರಗಾದರು. ಆ ಶಕ್ತಿ ಮೂರು ದಿನ ಇತ್ತು. ನಾಲ್ಕನೆಯ ದಿನ ಅವಳಿಗೆ, ಅವನು ದುಡ್ಡಿನಾಸೆಗೆ ಸಿಹಿ ಮಾತಾಡಿದನೇನೋ ಅನ್ನಿಸಿತು. ಫೋನಿನಲ್ಲಿ ಮೂರನೆಯವರನ್ನು ಕೇಳಿದಳು. ಆ ವಿನಾಯಿತಿ ನಿಜ, ಆದರೆ ಶನಿಯ ದೃಷ್ಟಿ ಬಿದ್ದಿರುವುದರಿಂದ ಅದನ್ನು ಪೂರ್ತಿ ನಂಬಲಾಗದು ಎಂದು ಅವರು ಹೇಳಿದರು. ಮತ್ತೆ ಊಟ ಹೋಯಿತು. ಆಮೇಲೆ ಇನ್ನೂ ಇಬ್ಬರನ್ನು ಕೇಳಿದಳು, ಒಬ್ಬರು ಆಗಬಹುದು ಅಂದರು, ಇನ್ನೊಬ್ಬರು ಬೇಡ ಅಂದರು.

ಬೇಕರಿಯವರು ಒಂದನ್ನು ಗಮನಿಸಿದರು. ಒಳ್ಳೆಯ ಉತ್ತರ ಬಂದಾಗ ಅವಳು ಅದನ್ನು ಪರೀಕ್ಷೆ ಮಾಡಲು ಹೋಗುತ್ತಿದ್ದಳು. ಕೆಟ್ಟ ಉತ್ತರ ಬಂದಾಗ ಅದನ್ನು ಅಳಿಸಲು ಹೋಗುತ್ತಿದ್ದಳು. ಎರಡಕ್ಕೂ ದಾರಿ ಒಂದೇ. ಸಮಾಧಾನದ ದಿನಗಳು ಮಾತ್ರ ಪ್ರತಿ ಸಲವೂ ಕಡಿಮೆಯಾಗುತ್ತಿದ್ದವು.

ಒಂದು ಸಂಜೆ ಗುಬ್ಬಿ ಸಿಟ್ಟಿಗೆದ್ದಳು. ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ ಆರುತ್ತಿತ್ತು. ತಾಯಿ ಪರ್ಸಿನಿಂದ ಪಟ್ಟಿ ತೆಗೆದು, ನಿಮಿಷದ ಜಾಗದಲ್ಲಿ ಬರೆದದ್ದು ಮೂರೋ ಎಂಟೋ ಎಂದು ದೀಪಕ್ಕೆ ಹಿಡಿದು ನೋಡುತ್ತಿದ್ದಳು.

"ಅಮ್ಮ, ಇನ್ನೂ ಎಷ್ಟು ಜನರನ್ನ ಕೇಳ್ತೀಯ? ಯಾರು ಹೂಂ ಅಂದ್ರೆ ನಿಲ್ಲಿಸ್ತೀಯ, ಅದನ್ನಾದ್ರೂ ಹೇಳು."

"ನಿನಗೆ ತಮಾಷೆ. ನಾಳೆ ಅಳೋದು ನೀನೇ."

"ನಾನು ತಮಾಷೆ ಮಾಡಿದ್ನಾ?" ಗುಬ್ಬಿ ಚಮಚ ಕೆಳಗಿಟ್ಟಳು. "ಸುಳ್ಳು ಯಾಕೆ ಹೇಳ್ಲಿ. ಅವನ ಪರಿಚಯ ಆಗಿ ತಿಂಗಳಿಗೇ ಈ ಪಟ್ಟಿ ನೋಡ್ಕೊಂಡು ನಾನೂ ಮೊಬೈಲಿನಲ್ಲಿ ಇಬ್ಬರದೂ ಹಾಕಿ ನೋಡ್ದೆ. ಅದರಲ್ಲೂ ಇಪ್ಪತ್ತನಾಲ್ಕೇ ಬಂತು. ಅಂಗಡಿ ಬಾತ್‌ರೂಮಿನಲ್ಲಿ ನಿಂತ್ಕೊಂಡು ಒಬ್ಬಳೇ ನಕ್ಕೆ. ಒಬ್ಬ ಮನುಷ್ಯನ ಜೊತೆ ಇಡೀ ಜೀವಮಾನ ಅಂದ್ರೆ ನಂಗೂ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ ಅಮ್ಮ. ಆದ್ರೆ ನಾನು ಒಂದು ಸಲ ನೋಡಿ ಮುಚ್ಚಿಟ್ಟೆ."

ತಾಯಿ ಪಟ್ಟಿಯನ್ನು ಪರ್ಸಿಗೆ ಸೇರಿಸಿದಳು. ಎದ್ದು ಹೋಗಿ ಆಲೂಗಡ್ಡೆ ಬಿಸಿ ಮಾಡಿಕೊಂಡು ಬಂದಳು. ಮಗಳ ತಟ್ಟೆಗೆ ದೊಡ್ಡದನ್ನೇ ಹಾಕಿದಳು.

ಆ ವಾರ ಮೊದಲಿನ ಜೋಯಿಸರೇ ಹೇಳಿ ಕಳಿಸಿದರು. ಮತ್ತೊಮ್ಮೆ ಲೆಕ್ಕ ನೋಡಿದರಂತೆ, ಒಂದು ಸಂದೇಹ ಕೇಳುವುದಿದೆಯಂತೆ. ಈ ಸಲ ಬೇಕರಿಯವರೂ ಜೊತೆಗೆ ಹೋದರು. ಕೆಳಗಿನ ಅಂಗಡಿಯಿಂದ ಇಸ್ತ್ರಿಯ ಬಿಸಿ ಹಬೆ ಕಿಟಕಿಯತನಕ ಏರುತ್ತಿತ್ತು. ಜೋಯಿಸರು ಕನ್ನಡಕ ಹಣೆಗೇರಿಸಿ, ಹುಡುಗಿಯ ಲಗ್ನ ಸರಿಯಾಗಿ ಎರಡು ರಾಶಿಗಳ ಗಡಿಯಲ್ಲಿದೆ ಎಂದರು. ಹುಟ್ಟುವ ಹೊತ್ತಿಗೆ ಪೂರ್ವದ ಅಂಚಿನಲ್ಲಿ ಏಳುತ್ತಿರುವ ರಾಶಿಯೇ ಲಗ್ನ. ಹೆಚ್ಚುಕಡಿಮೆ ಎರಡು ಗಂಟೆಗೊಂದು ರಾಶಿ ಏಳುತ್ತದೆ. ಬರೆದುಕೊಟ್ಟ ಹೊತ್ತಿಗೆ ವೃಷಭ ಆಗ ತಾನೇ ಶುರುವಾಗಿದೆ. ಸ್ವಲ್ಪ ಹಿಂದೆ ಸರಿದರೂ ಮೇಷ. ಹೊತ್ತನ್ನು ನೋಡಿದವರು ಯಾರು?

ಮನೆಯಲ್ಲೇ ಆದ ಹೆರಿಗೆ, ಇವರೇ ನೋಡಿ ಸೂಲಗಿತ್ತಿಗೆ ಕೂಗಿ ಹೇಳಿದ್ದು ಎಂದು ಟೈಲರಮ್ಮ ಗಂಡನ ಕಡೆ ತೋರಿಸಿದಳು. ಹೌದೆಂದು ಬೇಕರಿಯವರೂ ತಲೆಯಾಡಿಸಿದರು. ಬಾಗಿಲಾಚೆ ಕೇಳಿದ ಮೊದಲ ಅಳು, ತಾನು ಹಿಟ್ಟಿನ ಕೈಯಲ್ಲೇ ಓಡಿಬಂದದ್ದು, ಕತ್ತೆತ್ತಿ ಗೋಡೆಯ ಗಡಿಯಾರ ನೋಡಿದ್ದು, ಎಲ್ಲ ಕಣ್ಣ ಮುಂದೆ ಬಂತು. ಅವರು ಕುರ್ಚಿಯ ಅಂಚಿಗೆ ಸರಿದು ಕೂತರು.

"ಜೋಯಿಸರೇ," ಎಂದರು. "ನಮ್ಮನೆ ಗಡಿಯಾರ ಇಪ್ಪತ್ತು ನಿಮಿಷ ಮುಂದೆ."

ಬ್ರೆಡ್ಡಿನ ಗಾಡಿ ತಪ್ಪಿಹೋಗದಿರಲಿ ಎಂದು ಅವರ ತಂದೆಯ ಕಾಲದಿಂದ ಆ ಗಡಿಯಾರವನ್ನು ಮುಂದಿಟ್ಟೇ ನಡೆಸುತ್ತಿದ್ದರು. ಮನೆಯವರೆಲ್ಲ ಅದನ್ನು ನೋಡಿ ಇಪ್ಪತ್ತು ಕಳೆದೇ ಹೊತ್ತು ಹೇಳುವವರು. ಅದು ಅವರಿಗೆ ಉಸಿರಾಡಿದಷ್ಟೇ ಸಹಜ. ಮಗು ಹುಟ್ಟಿದ ಆ ಒಂದು ಗಳಿಗೆಯಲ್ಲಿ ಮಾತ್ರ ಬೇಕರಿಯವರು ಸಂತೋಷದ ಭರದಲ್ಲಿ ಕಳೆಯುವುದನ್ನು ಮರೆತಿದ್ದರು. ಆಮೇಲೆ ಯಾರಿಗೂ ಅದು ಹೊಳೆಯಲೇ ಇಲ್ಲ.

ಜೋಯಿಸರು ಲೆಕ್ಕ ಹಾಕಿದರು. ಇಪ್ಪತ್ತು ಹಿಂದೆ ಸರಿದರೆ ಲಗ್ನ ಮೇಷ. ಹನ್ನೆರಡು ಮನೆಗಳೂ ಒಂದೊಂದು ಸರಿಯುತ್ತವೆ. ಎಂಟರಲ್ಲಿದ್ದ ಕುಜ ಒಂಬತ್ತಕ್ಕೆ ಬಂದ. ಒಂಬತ್ತರಲ್ಲಿ ಅವನಿಗೆ ದೋಷ ಹೇಳುವುದಿಲ್ಲ. ಚಂದ್ರ ಅಷ್ಟು ಹೊತ್ತಿನಲ್ಲಿ ನಕ್ಷತ್ರ ಬದಲಿಸಿಲ್ಲ, ಆದ್ದರಿಂದ ಇಪ್ಪತ್ತನಾಲ್ಕು ಗುಣ ಹಾಗೇ ಇದೆ. ಅಂದರೆ ಹುಡುಗಿಗೆ ಯಾವ ದೋಷವೂ ಇಲ್ಲ.

ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದ್ದು ಬಾಗಿಲತನಕ ಹೋದವಳು ಅಲ್ಲೇ ನಿಂತಳು.

"ಜೋಯಿಸರೇ, ನಾನು ಹೂಂ ಅಂದು, ಆಮೇಲೆ ಏನಾದ್ರೂ ಆದ್ರೆ... ಅದು ನನ್ನಿಂದ ಆಗಿದ್ದು ಅಲ್ಲ ತಾನೆ?"

ಜೋಯಿಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಲವತ್ತು ವರ್ಷ ಆಯ್ತು ತಾಯಿ, ಜನ ಇಲ್ಲಿ ಕೂತು ಗ್ರಹ ಕೇಳ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು ಈ ಮಾತು ಕೇಳ್ತಾರೆ. ಗ್ರಹ ನಂಗೆ ಬರುತ್ತೆ. ಇದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ."

ಆ ದಿನ ಮನೆಯಲ್ಲಿ ಹಬ್ಬದ ಗೆಲುವು. ಗುಬ್ಬಿ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತು, ಗೋಡೆಯ ಗಡಿಯಾರವನ್ನೇ ನೋಡುತ್ತಾ ಕೂತಳು. ಏಳನೇ ವರ್ಷ ಜ್ವರ ಅಂದಿದ್ದರು, ಬಂತು. ಓದಿನಲ್ಲಿ ಅಡ್ಡಿ ಅಂದಿದ್ದರು, ಪರೀಕ್ಷೆಯಲ್ಲಿ ಒಂದು ವರ್ಷ ಹೋಯಿತು. ಕಾಲಿಗೆ ಪೆಟ್ಟು, ಅದೂ ಆಯಿತು. ಎಲ್ಲವನ್ನೂ ಆ ಮನೆಗಳನ್ನು ನೋಡಿಯೇ ಹೇಳಿದ್ದು. ಆ ಮನೆಗಳು ಅವಳವೇ ಅಲ್ಲ.

"ಯಾರದೋ ಅಂಗಿ ಅಪ್ಪ," ಎಂದಳು ಮೆಲ್ಲಗೆ. "ಇಷ್ಟು ವರ್ಷ ನಂಗೆ ಸರಿಯಾಗೇ ಕೂತಿತ್ತಲ್ಲ."

ಬೇಕರಿಯವರಿಗೆ ಆ ಹಳೆಯ ಜಾತಕದ ಉಳಿದ ಮಾತುಗಳೂ ಈಗ ನೆನಪಾದವು. ನೀರಿನ ಗಂಡಾಂತರ ಎಂದೂ ಅದರಲ್ಲಿತ್ತು, ಅದು ಬರಲೇ ಇಲ್ಲ. ವಿದೇಶಯೋಗವಿತ್ತು, ಹುಡುಗಿ ಬಸ್ ನಿಲ್ದಾಣದಾಚೆ ಕೆಲಸಕ್ಕೆ ಹೋದವಳಲ್ಲ. ಹೊಂದದ್ದನ್ನು ಮನೆಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ. ಯಾವ ಮಗುವಿಗೆ ಜ್ವರ ಬರುವುದಿಲ್ಲ? ಹಾಗಿದ್ದರೂ ಆ ಜ್ವರ ಬಂದಾಗ ಹೆಂಡತಿ, ಇದು ಮೊದಲೇ ಹೇಳಿದ್ದು, ಹೇಳಿದಂತೆ ಹೋಗುತ್ತದೆ ಎಂದು ಎಷ್ಟು ಧೈರ್ಯದಿಂದ ಒದ್ದೆ ಬಟ್ಟೆ ಬದಲಿಸಿದ್ದಳು. ಬೇರೆ ಯಾರದೋ ಆಕಾಶದ ಕೆಳಗೆ ನಿಂತು ಅವಳು ಆ ಧೈರ್ಯ ತಂದುಕೊಂಡಿದ್ದಳು. ಅದು ಸುಳ್ಳೆನ್ನಲು ಅವರ ನಾಲಿಗೆ ಏಳಲಿಲ್ಲ. ಎರಡು ಕೈ ಜೋಡಿಸಿಬಿಡೋಣ ಅನ್ನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

ಗೆಲುವು ಎರಡೇ ದಿನ. ಮೂರನೆಯ ಬೆಳಿಗ್ಗೆ ಹೆಂಡತಿ ಬೇಕರಿಗೆ ಇಳಿದು ಬಂದು, ಹಿಟ್ಟು ನಾದುತ್ತಿದ್ದ ಗಂಡನ ಪಕ್ಕ ನಿಂತಳು.

"ರೀ. ಆವತ್ತು ನಿಜವಾಗ್ಲೂ ಇಪ್ಪತ್ತೇ ಮುಂದಿತ್ತಾ?"

"ಯಾವಾಗ್ಲೂ ಇಪ್ಪತ್ತೇ."

"ಕೀಲಿ ಕೊಡೋ ಗಡಿಯಾರ ಅದು. ವಾರದ ಕೊನೆಗೆ ಹಿಂದೆ ಬೀಳುತ್ತೆ. ಆವತ್ತು ಹತ್ತೇ ಇದ್ದಿದ್ರೆ? ಐದೇ ಇದ್ದಿದ್ರೆ? ಐದಕ್ಕೆ ಲಗ್ನ ಬದಲಾಗುತ್ತೋ ಇಲ್ವೋ ನೀವು ಕೇಳಿದ್ರಾ?"

ಅವರು ನಾದುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ದೋಷ ಹೋಗಿತ್ತು, ಭಯ ಹೋಗಿರಲಿಲ್ಲ. ಅದು ಕುಜನ ಮೇಲೆ ಕೂತಿತ್ತು. ಕುಜ ಎದ್ದು ಹೋದೊಡನೆ ಗಡಿಯಾರದ ಮುಳ್ಳಿನ ಮೇಲೆ ಬಂದು ಕೂತಿತು. ಇಷ್ಟು ಸಣ್ಣ ಹೆಂಗಸಿನಲ್ಲಿ ಇಷ್ಟು ದೊಡ್ಡದು ಹೇಗೆ ಹಿಡಿಸಿತು ಎಂದು ಅವರಿಗೆ ಅಚ್ಚರಿಯಾಯಿತು. ಸಿಟ್ಟು ಬರಲಿಲ್ಲ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಅವಳ ಅಕ್ಕನಿಗೆ, ಎರಡು ದಿನ ಇದ್ದು ಹೋಗುವಂತೆ ಬಾ ಎಂದು ಹೇಳಿದರು.

ದೊಡ್ಡಮ್ಮ ಬಂದವಳೇ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸತೊಡಗಿದಳು. ಗುಬ್ಬಿಯ ತಲೆ ನೇವರಿಸಿ, ಲಿಫ್ಟಿನವನು ಮೇಲೆ ಕರೆದುಕೊಂಡು ಹೋಗುತ್ತಾನೋ ಕೆಳಗೋ ಎಂದು ಚುಡಾಯಿಸಿದಳು. ಬೇಕರಿಯವರು ಬಾಗಿಲ ಬಳಿ ಚಾಕು ಮಸೆಯುತ್ತಿದ್ದರು. ಮಾತಿಗೆ ಮಾತು ಬಂದು ಟೈಲರಮ್ಮ, ನಿನಗಾದದ್ದು ಇವಳಿಗಾಗಬಾರದು ಅಕ್ಕ, ನಿನ್ನ ಮದುವೆಗೆ ಯಾರೂ ಜಾತಕ ಕೇಳಲಿಲ್ಲ, ಅಷ್ಟೇ ನನ್ನ ಸಂಕಟ ಎಂದಳು.

ದೊಡ್ಡಮ್ಮನ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಅರ್ಧಕ್ಕೆ ನಿಂತಿತು.

"ಯಾರು ಹೇಳಿದ್ದು ಕೇಳಲಿಲ್ಲ ಅಂತ?"

"ಅಮ್ಮ."

"ಅಪ್ಪ ಇಬ್ಬರು ಜೋಯಿಸರನ್ನ ಕೇಳಿದ್ರು ಕಣೇ. ಅಮ್ಮನೂ ಹೋಗಿದ್ಲು. ಇಬ್ಬರೂ, ಕಣ್ಣು ಮುಚ್ಚಿ ಮಾಡಿ ಅಂದ್ರು. ಇಂಥ ಹೊಂದಾಣಿಕೆ ನೋಡೇ ಇಲ್ಲ ಅಂದಿದ್ರಂತೆ."

ಟೈಲರಮ್ಮ ಗೋಡೆಗೆ ಒರಗಿದಳು. ಹಾಗಾದರೆ ಅಮ್ಮ ಯಾಕೆ ಹಾಗೆ ಹೇಳುತ್ತಿದ್ದಳು ಎಂದು ಕೇಳಿದಳು.

"ನೀನಿದ್ದೆಯಲ್ಲ," ಎಂದಳು ದೊಡ್ಡಮ್ಮ. "ಇನ್ನೊಬ್ಬ ಮಗಳ ಮದುವೆ ಬಾಕಿ ಇತ್ತು. ಕೇಳಿಯೂ ಹೀಗಾಯ್ತು ಅಂದ್ರೆ ನಿನ್ನನ್ನ ಯಾವ ಧೈರ್ಯದ ಮೇಲೆ ಕಳಿಸ್ತಿದ್ಲು? ಕೇಳಲಿಲ್ಲ, ಅದಕ್ಕೇ ಆಯ್ತು ಅಂದ್ರೆ, ಮುಂದಿನದಕ್ಕೆ ಕೇಳಬಹುದು. ತಪ್ಪು ತನ್ನ ಮೇಲೆ ಹಾಕ್ಕೊಂಡ್ಲು. ಏನೂ ಕೈಯಲ್ಲಿಲ್ಲ ಅನ್ನೋದಕ್ಕಿಂತ ಅವಳಿಗೆ ಅದೇ ಹಗುರ ಇತ್ತೇನೋ. ಹೇಳ್ತಾ ಹೇಳ್ತಾ ಅದನ್ನೇ ನಂಬಿದ್ಲು."

"ನೀನು ನಂಗೆ ಒಂದು ದಿನವೂ ಹೇಳಲಿಲ್ಲ."

"ನೀನು ಒಂದು ದಿನವೂ ಕೇಳಲಿಲ್ಲ. ನನ್ನ ಗಂಡನ ಮಾತು ಬಂದ್ರೆ ಸಾಕು, ನೀನು ಎದ್ದು ಒಲೆ ಉರಿ ಸಣ್ಣ ಮಾಡೋಕೆ ಹೋಗ್ತಿದ್ದೆ." ದೊಡ್ಡಮ್ಮ ನಿಂತ ಸಿಪ್ಪೆಯನ್ನು ಪೂರ್ತಿ ಬಿಡಿಸಿದಳು. "ನೀವೆಲ್ಲ ನನ್ನ ಆರು ವರ್ಷವನ್ನ ಒಂದು ತಪ್ಪು ಅಂತ ಇಟ್ಕೊಂಡಿದ್ದೀರಿ. ನಂಗೆ ಅದು ಸಂಸಾರ. ಅವರು ಸ್ನಾನದ ಮನೆಯಲ್ಲಿ ಅಪಸ್ವರದಲ್ಲಿ ಹಾಡೋರು. ಅದು ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ. ಅಂದು ಮಧ್ಯಾಹ್ನ ಪೂರ್ತಿ ಟೈಲರಮ್ಮ ಅಕ್ಕನ ಪಕ್ಕ ಕೂತು ಆ ಮನುಷ್ಯನ ಬಗ್ಗೆ ಕೇಳಿದಳು. ಏನು ತಿನ್ನುತ್ತಿದ್ದರು, ಯಾವುದಕ್ಕೆ ರೇಗುತ್ತಿದ್ದರು, ಯಾವ ಹಾಡು. ಬಟಾಣಿ ಮುಗಿದ ಮೇಲೂ ಇಬ್ಬರ ಬೆರಳು ಖಾಲಿ ಸಿಪ್ಪೆಯಲ್ಲಿ ಆಡುತ್ತಿತ್ತು. ಬೇಕರಿಯವರು ಚಾಕು ಮಸೆಯುವುದನ್ನು ಬಿಟ್ಟು ಕೇಳುತ್ತಾ ಕೂತರು. ಸತ್ತುಹೋದ ಅತ್ತೆ ಕಣ್ಣ ಮುಂದೆ ಬಂದರು. ಗೊಣಗುವ ಮುದುಕಿ ಎಂದಷ್ಟೇ ಅವರನ್ನು ತಿಳಿದಿದ್ದೆನಲ್ಲ ಅನ್ನಿಸಿತು. ಅಳಿಯನ ಸಾವನ್ನು ತನ್ನ ತಪ್ಪೆಂದು ಹೊತ್ತು, ಇನ್ನೊಬ್ಬ ಮಗಳನ್ನು ದಾಟಿಸಲು ಆ ಮುದುಕಿ ಎಂಥ ಸೇತುವೆ ಕಟ್ಟಿದ್ದಳು. ಅದರ ಮೇಲೆ ನಡೆದು ಬಂದವಳೇ ತನ್ನ ಹೆಂಡತಿ. ಅವಳು ಇನ್ನೂ ಆ ಸೇತುವೆಯ ಮೇಲೇ ನಿಂತಿದ್ದಳು.

ಆಮೇಲೆ ಒಂದು ವಾರ ಅವಳು ಯಾರನ್ನೂ ಕೇಳಲು ಹೋಗಲಿಲ್ಲ. ಎರಡು ಸಲ ಚಪ್ಪಲಿ ಮೆಟ್ಟಿ ಹೊರಟವಳು ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಹೊತ್ತಿಗೆ ಒಳಗೆ ಬಂದಳು. ಬೇಕರಿಯವರು ನೋಡಿಯೂ ನೋಡದಂತೆ ಚಹಾ ಮಾಡಿಕೊಟ್ಟರು. ಮೂರನೆಯ ಸಲ ಅವಳು ಚಪ್ಪಲಿ ಮೆಟ್ಟಲಿಲ್ಲ. ಹುಡುಗನನ್ನು ಊಟಕ್ಕೆ ಕರೆ ಎಂದು ಮಗಳಿಗೆ ಹೇಳಿದಳು.

ಅವನು ಕೆಲಸದಿಂದ ನೇರ ಬಂದ. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರ ಸಂದಿಯಲ್ಲಿತ್ತು. ಬ್ರೆಡ್ಡು ಮುರಿಯುತ್ತಾ, ಕೈ ನೋಡಿ ನಾಚಿಕೊಂಡ. ಊಟ ಅರ್ಧವಾದಾಗ ಟೈಲರಮ್ಮ, ಇಷ್ಟು ದಿನ ಗ್ರಹಗಳನ್ನು ಕೇಳುತ್ತಾ ಬಂದದ್ದನ್ನು ಅವನನ್ನೇ ಕೇಳಿದಳು.

"ಆ ಬಾವಿಯೊಳಗೆ ಇಳಿಯೋವಾಗ ಭಯ ಆಗಲ್ವೇನಪ್ಪ?"

ಹುಡುಗ ಗುಬ್ಬಿಯ ಕಡೆ ನೋಡಿದ. ಇಲ್ಲ ಎಂದುಬಿಡಲೇ ಎಂದು ಯೋಚಿಸಿದ್ದು ಅವನ ಮುಖದಲ್ಲಿ ಕಂಡಿತು.

"ಆಗುತ್ತೆ ಅಮ್ಮ. ಇಳಿದ ಮೇಲೂ ಆಗ್ತಾನೇ ಇರುತ್ತೆ."

"ನಂಗೂ," ಎಂದಳು ಅವಳು. ಅವನ ತಟ್ಟೆ ಖಾಲಿಯಾದದ್ದು ನೋಡಿ ಬಡಿಸಿದಳು, ತಾನೂ ಬಡಿಸಿಕೊಂಡಳು. ಮೂರು ಸಾಂತ್ವನದ ಉತ್ತರಗಳು ಮಾಡದ ಕೆಲಸವನ್ನು ಒಂದು ಭಯದ ಉತ್ತರ ಮಾಡಿದ್ದನ್ನು ಬೇಕರಿಯವರು ಕಣ್ಣಾರೆ ಕಂಡು, ತಲೆ ತಗ್ಗಿಸಿ ಊಟ ಮುಂದುವರಿಸಿದರು. ಗೋಡೆಯ ಗಡಿಯಾರ ಎಂಟೂವರೆ ಹೊಡೆಯಿತು. ಹುಡುಗ ಹೊತ್ತಾಯಿತೆಂದು ಏಳಹೋದ. ಇನ್ನೂ ಇಪ್ಪತ್ತು ನಿಮಿಷ ಇದೆ, ಕೂತ್ಕೋ ಎಂದು ಗುಬ್ಬಿ ಅವನ ತೋಳು ಹಿಡಿದು ಕೂರಿಸಿದಳು. ಎಲ್ಲರೂ ನಕ್ಕರು, ಅವನಿಗೆ ಯಾಕೆಂದು ತಿಳಿಯಲಿಲ್ಲ.

ಹುಡುಗ ಹೊರಟಾಗ ಅವನ ಜೊತೆ ಹೆಂಗಸರು ಮುಂದೆ, ಬೇಕರಿಯವರು ಹಿಂದೆ ಮೆಟ್ಟಿಲಿಳಿದರು. ಕೆಳಗಿನ ಒಲೆ ಇನ್ನೂ ಬೆಚ್ಚಗಿತ್ತು. ಬಾಗಿಲ ಬಳಿ ಟೈಲರಮ್ಮ ನಿಂತಳು. ಈಗ ಏನೋ ಕೇಳುತ್ತಾಳೆ ಎಂದು ಬೇಕರಿಯವರು ಅಂದುಕೊಂಡರು. ಅವಳು ಕೇಳಲಿಲ್ಲ. ಪರ್ಸು ತೆರೆದಳು. ಅಂಗೈಯಗಲದ ಒಂದು ಚೀಲ ಹೊರತೆಗೆದಳು. ಮೆತ್ತಗಿನ ಬಟ್ಟೆಯಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿ ಅವಳೇ ಹೊಲಿದದ್ದು. ಒಳಗೆ ಅವನ ತಾಯಿ ಇಟ್ಟಿದ್ದ ಆ ಪಟ್ಟಿಯಿತ್ತು. ಅವಳು ಅದನ್ನು ಹುಡುಗನ ಗ್ರೀಸಿನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು.